ಬಾಗಲಕೋಟೆಯಲ್ಲಿ ಕೂತು ಬೆಂಗಳೂರಿನ ಕೆಲಸ ಕಲಿತ ಬಗೆ

"ಅಕ್ಕಾ, ಮನ್ಯಾಗ ಕುಂತು ಮಾಡೋ ಕೆಲಸ ಸಿಕ್ಕೈತಿ. ಹೂಂ ಅನ್ನಲೋ ಬ್ಯಾಡೋ?"

ಕ್ಯಾಂಪಸ್ ಇಂಟರ್‌ವ್ಯೂ ಮುಗಿಯುವ ಕಾಲಕ್ಕೆ ಈ ಫೋನ್ ನನಗೆ ತಪ್ಪದೇ ಬರುತ್ತದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ನನ್ನ ನಂತರ ಓದಿದವರು, ಪರಿಚಯದವರ ಮಕ್ಕಳು, ಇಳಕಲ್, ಜಮಖಂಡಿ, ಮುಧೋಳದ ಕಡೆಯವರು. ಮನೆಯವರ ಲೆಕ್ಕ ಸುಲಭ. ಬೆಂಗಳೂರಿನ ಪಿಜಿ ಬಾಡಿಗೆ ಉಳಿಯುತ್ತದೆ, ಮಗಳು ಕಣ್ಣೆದುರಿಗೆ ಇರುತ್ತಾಳೆ, ಸಂಬಳ ಅಷ್ಟೇ ಬರುತ್ತದೆ. ಫೋನ್ ಮಾಡಿದವರಿಗೆ ಮಾತ್ರ ಒಳಗೊಳಗೇ ಭಯ. ಮೊದಲ ಕೆಲಸದಲ್ಲೇ ಮನೇಲಿ ಕೂತರೆ ಕಲಿಯೋದು ಯಾರಿಂದ? ಇಂಥವಳೊಬ್ಬಳು ಇದ್ದಾಳೆ ಅಂತ ಅಲ್ಲಿ ಯಾರಿಗೆ ಗೊತ್ತಾಗುತ್ತದೆ?

ಈ ಭಯ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾನು ಮೊದಲ ಕೆಲಸವನ್ನೇ ನವನಗರದ ನಮ್ಮ ಮನೆಯ ಮೇಲಿನ ಕೋಣೆಯಿಂದ ಶುರು ಮಾಡಿದವಳು. ಕಂಪನಿ ಬೆಂಗಳೂರಿನದು. ಆನ್‌ಲೈನ್ ಆರ್ಡರ್, ಪೇಮೆಂಟ್, ವಾಲೆಟ್ ನೋಡಿಕೊಳ್ಳುವ ಬ್ಯಾಕೆಂಡ್ ತಂಡ. ಹೆಚ್ಚಿನವರು ಅಲ್ಲಿನ ಆಫೀಸಿನಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ದೂರದಲ್ಲಿದ್ದವರು ನಾನು ಮತ್ತು ಇನ್ನೊಬ್ಬರು, ಅಷ್ಟೇ. ಹಾಗಾಗಿ ದೂರದಿಂದ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನೋದು ನನಗೆ ಬೇಗ ಗೊತ್ತಾಯಿತು.

ಬರುವುದನ್ನು ಮೊದಲು ಹೇಳುತ್ತೇನೆ. ಕೊಟ್ಟ ಕೆಲಸ ಮುಗಿಸುವುದಕ್ಕೆ ಮನೆ ಒಳ್ಳೆಯ ಜಾಗ. ಇದು ನನ್ನೊಬ್ಬಳ ಮಾತಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ 2010ರ ಕೊನೆಗೆ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಒಂದು ಪ್ರಯೋಗ ಶುರು ಮಾಡಿದರು. ಮನೆಯಿಂದ ಕೆಲಸ ಮಾಡಲು ಮುಂದೆ ಬಂದವರಲ್ಲಿ ಕೆಲವರನ್ನು ಮನೆಗೆ ಕಳಿಸಿ, ಉಳಿದವರನ್ನು ಆಫೀಸಿನಲ್ಲೇ ಇಟ್ಟು, ಒಂಬತ್ತು ತಿಂಗಳು ಹೋಲಿಸಿ ನೋಡಿದರು. ಮನೆಯಿಂದ ಮಾಡಿದವರ ಕೆಲಸ 13 ಪ್ರತಿಶತ ಜಾಸ್ತಿ ಆಯಿತು. ಎಲ್ಲರೂ ಇಷ್ಟನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗೆ ಹೋಲಿಸಿದರೆ ಮನೆಯಿಂದ ಮಾಡಿದವರಿಗೆ ಬಡ್ತಿ ಸಿಗುವುದು ಕಡಿಮೆಯಾಗಿತ್ತು. ಕೆಲಸ ಜಾಸ್ತಿ, ಬಡ್ತಿ ಕಡಿಮೆ. ಇದು ಯಾಕೆ ಅನ್ನೋದನ್ನು ನಾನು ನೋಡಿದ ಒಂದು ಘಟನೆಯಿಂದಲೇ ಹೇಳುತ್ತೇನೆ.

ಒಂದು ದಿನ ನನಗೆ ಪರಿಶೀಲನೆಗೆ ಅಂತ ಒಂದು ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಬದಲಾವಣೆಗೆ ಒಪ್ಪಿಗೆ ಕೇಳುವ ಕೋರಿಕೆ, ಬಂತು. ಕಳಿಸಿದವರು ನಮ್ಮ ತಂಡದ ಹಿರಿಯ ಇಂಜಿನಿಯರ್. ಅದರಲ್ಲಿ ಮುಖ್ಯವಾಗಿ ಇದ್ದದ್ದು ಇಷ್ಟು:

```sql
ALTER TABLE wallet_credits
  ADD CONSTRAINT uniq_payment UNIQUE (payment_id);
```

ಒಂದು ಪೇಮೆಂಟ್‌ಗೆ ವಾಲೆಟ್‌ನಲ್ಲಿ ಒಂದೇ ಜಮಾ ಇರಬೇಕು, ಎರಡನೆಯದು ಬಂದರೆ ಡೇಟಾಬೇಸೇ ತಡೆಯಬೇಕು ಅಂತ ಅರ್ಥ. ಗ್ರಾಹಕರಿಗೆ ಒಂದೇ ಪೇಮೆಂಟ್‌ಗೆ ಎರಡು ಸಲ ದುಡ್ಡು ಜಮಾ ಆಗುತ್ತಿತ್ತು ಅನ್ನುವ ದೂರಿಗೆ ಇದು ಪರಿಹಾರ. ಓದಿದೆ, ಅರ್ಥವಾಯಿತು, ಸರಿಯಾಗಿಯೇ ಇತ್ತು. `LGTM`, ಅಂದರೆ ನೋಡಿದೆ, ಸರಿಯಾಗಿದೆ, ಅಂತ ಬರೆದು ಒಪ್ಪಿಗೆ ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು.

ಅಲ್ಲೇ ತಡೆದು ಯೋಚನೆ ಮಾಡಿದೆ. ಆಫೀಸಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಇದ್ದ ಹುಡುಗ ನನ್ನಷ್ಟೇ ಹೊಸಬ. ಆ ದಿನ ಬೆಳಿಗ್ಗೆಯಿಂದ ಅವರು ಏನೇನು ತೆರೆದರು, ಯಾರಿಗೆ ಫೋನ್ ಮಾಡಿದರು, ಎಲ್ಲಿ "ಛೇ, ಇದಲ್ಲ" ಅಂದರು, ಎಲ್ಲವೂ ಅವನ ಕಿವಿಗೆ ಬಿದ್ದಿರುತ್ತದೆ. ಬಾಗಲಕೋಟೆಯಲ್ಲಿದ್ದ ನನಗೆ ಬಂದದ್ದು ಕೊನೆಯ ಎರಡು ಸಾಲು. ಉತ್ತರ ಇಬ್ಬರಿಗೂ ಸಿಕ್ಕಿತು, ದಾರಿ ಅವನೊಬ್ಬನಿಗೆ ಸಿಕ್ಕಿತು. ಇಂಥದ್ದು ದಿನಾ ಆಗುತ್ತಿದ್ದರೆ ಎರಡು ವರ್ಷದ ನಂತರ ನಮ್ಮಿಬ್ಬರಲ್ಲಿ ಯಾರು ಹೊಸ ಸಮಸ್ಯೆಗೆ ಹೆದರದೆ ಕೈ ಹಾಕುತ್ತಾರೆ, ಹೇಳಬೇಕೇ?

ಒಪ್ಪಿಗೆ ಒತ್ತುವ ಬದಲು ಅವರಿಗೆ ಬರೆದೆ: "ಪರಿಹಾರ ಅರ್ಥ ಆಯ್ತು. ಇದಕ್ಕೆ ಹೇಗೆ ಬಂದ್ರಿ ಅನ್ನೋದನ್ನ ಒಂದು ಸಲ ಸ್ಕ್ರೀನ್ ಶೇರ್ ಮಾಡಿ ಮೊದಲಿಂದ ತೋರಿಸ್ತೀರಾ? ಅರ್ಧ ಗಂಟೆ ಸಾಕು. ಇವತ್ತೇ ಆಗಬೇಕು ಅಂತಿಲ್ಲ." ಸಂಜೆ ಅವರೇ ಕರೆ ಮಾಡಿದರು.

ಅವರು ಮೊದಲು ಕೋಡ್ ತೆರೆಯಲೇ ಇಲ್ಲ. ಸಪೋರ್ಟ್‌ನವರ ದೂರಿನಿಂದ ಒಬ್ಬ ಗ್ರಾಹಕರ ಆರ್ಡರ್ ನಂಬರ್ ತೆಗೆದುಕೊಂಡು, ಎರಡು ಜಮಾಗಳ `payment_id` ನೋಡಿದರು. "ಇದು ಬೇರೆ ಬೇರೆ ಇದ್ದಿದ್ರೆ ಗ್ರಾಹಕರೇ ಎರಡು ಸಲ ಕಟ್ಟಿದ್ದಾರೆ ಅಂತ. ಆಗ ತಪ್ಪು ನಮ್ಮ ವಾಲೆಟ್‌ನಲ್ಲಿಲ್ಲ. ಒಂದೇ ಇದೆ. ಅಂದ್ರೆ ನಮ್ಮದೇ." ಇದು ಮೊದಲ ಕವಲು. ಅರ್ಧ ನಿಮಿಷದಲ್ಲಿ ಅರ್ಧ ಸಾಧ್ಯತೆಗಳು ಹೊರಗೆ ಹೋದವು.

ಆಮೇಲೆ ಅದೇ ಐಡಿಯಿಂದ ಲಾಗ್ ಹುಡುಕಿದರು. ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ "ದುಡ್ಡು ಬಂದಿದೆ" ಅಂತ ಸಂದೇಶ ಕಳಿಸುತ್ತದೆ. ನಮ್ಮಿಂದ ಹೊತ್ತಿಗೆ ಸರಿಯಾಗಿ ಉತ್ತರ ಹೋಗದಿದ್ದರೆ ಅದು ಮತ್ತೆ ಕಳಿಸುತ್ತದೆ. ಹಾಗಾಗಿ ಒಂದೇ ಸಂದೇಶ ಎರಡು ಸಲ ಬರುವುದು ಸಹಜ, ಅದಕ್ಕಾಗಿ ಕೋಡ್‌ನಲ್ಲಿ "ಈಗಾಗಲೇ ಜಮಾ ಇದೆಯಾ" ಅಂತ ನೋಡುವ ಸಾಲೂ ಇತ್ತು. ಲಾಗ್‌ನಲ್ಲಿ ಎರಡು ಸಾಲು ಸಿಕ್ಕವು. ಅವರು ಬೆರಳಿಟ್ಟದ್ದು ಸಮಯದ ಮೇಲೆ. ಎರಡರ ನಡುವೆ ಕೆಲವೇ ಮಿಲಿಸೆಕೆಂಡು. ಸರ್ವರ್ ಹೆಸರು ಬೇರೆ ಬೇರೆ. "ಎರಡೂ ಸರ್ವರ್ ಒಟ್ಟಿಗೆ ನೋಡಿವೆ. ಇಬ್ಬರಿಗೂ ಜಮಾ ಇಲ್ಲ ಅಂತ ಕಂಡಿದೆ. ಇಬ್ಬರೂ ಹಾಕಿದ್ದಾರೆ. ನೋಡೋ ಸಾಲು ಸರಿಯಾಗೇ ಇದೆ, ನೋಡೋದಕ್ಕೂ ಹಾಕೋದಕ್ಕೂ ನಡುವೆ ಇರೋ ಸಂದಿನೇ ತೊಂದರೆ. ಅದಕ್ಕೇ ಕೋಡ್ ಬಿಟ್ಟು ಡೇಟಾಬೇಸ್‌ಗೆ ಹೇಳಿದೆ."

ಆ ಎರಡು ಸಾಲು ಕೋಡ್ ನನಗೆ ಇದ್ಯಾವುದನ್ನೂ ಹೇಳಿರಲಿಲ್ಲ. ದುಡ್ಡಿನ ದೂರು ಬಂದಾಗ ಮೊದಲು ಐಡಿ ನೋಡು, ಆಮೇಲೆ ಸಮಯ ನೋಡು, ಕೋಡ್ ಕೊನೆಗೆ. ಈ ಕ್ರಮವನ್ನು ನಾನು ಈಗಲೂ ದಿನಾ ಬಳಸುತ್ತೇನೆ. ಇದನ್ನು ಯಾವ ರಿವ್ಯೂ ಕಾಮೆಂಟ್‌ನಲ್ಲೂ ಯಾರೂ ಬರೆಯುವುದಿಲ್ಲ. ಬರೆಯಬೇಕು ಅಂತ ಹಿರಿಯರಿಗೆ ಹೊಳೆಯುವುದೇ ಇಲ್ಲ, ಅವರಿಗೆ ಅದು ಉಸಿರಾಟದಷ್ಟು ಸಹಜ.

ದೂರದ ಕೆಲಸದಲ್ಲಿ ಹೊಸಬರಿಗೆ ತಪ್ಪಿಹೋಗುವುದು ಇದೇ. ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್, ಅಮಾಂಡಾ ಪಲ್ಲೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಇಂಜಿನಿಯರ್‌ಗಳ ಕೋಡ್ ರಿವ್ಯೂಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದರು. ತಂಡದ ಎಲ್ಲರೂ ಒಂದೇ ಕಟ್ಟಡದಲ್ಲಿ ಇದ್ದಾಗ ಇಂಜಿನಿಯರ್‌ಗಳಿಗೆ ತಮ್ಮ ಕೋಡ್ ಮೇಲೆ ಸಿಗುತ್ತಿದ್ದ ಕಾಮೆಂಟ್‌ಗಳು ಸುಮಾರು ಐದನೇ ಒಂದು ಭಾಗ ಜಾಸ್ತಿ. ಕೋವಿಡ್‌ನಲ್ಲಿ ಆಫೀಸುಗಳು ಮುಚ್ಚಿದ ಮೇಲೆ ಆ ಅಂತರ ಬಹುಮಟ್ಟಿಗೆ ಕರಗಿತು. ಹತ್ತಿರ ಇರುವುದರ ಲಾಭ ಹೆಚ್ಚು ಆದದ್ದು ಹೊಸಬರಿಗೆ, ಚಿಕ್ಕ ವಯಸ್ಸಿನವರಿಗೆ. ಅದೇ ಹೊತ್ತಿಗೆ ಹತ್ತಿರ ಕೂತ ಹಿರಿಯರ ಸ್ವಂತ ಕೆಲಸ ಕಡಿಮೆ ಆಗುತ್ತಿತ್ತು. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನಿಸಿತು. ತಂಡದಲ್ಲಿ ಒಬ್ಬರು ಬೇರೆ ಕಟ್ಟಡಕ್ಕೆ ಹೋದರೂ, ಒಟ್ಟಿಗೆ ಉಳಿದವರ ನಡುವಿನ ಮಾತೂ ಕಡಿಮೆಯಾಗುತ್ತಿತ್ತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಕಲಿಕೆ ಹಿರಿಯರ ಸಮಯ ತಿನ್ನುತ್ತದೆ, ಯಾರೋ ಆ ಸಮಯ ಕೊಡಲೇಬೇಕು. ಆಫೀಸಿನಲ್ಲಿ ಅದು ಕೇಳದೇ ಸಿಗುತ್ತದೆ, ಮನೆಯಲ್ಲಿ ಕೇಳಿ ಪಡೆಯಬೇಕು. ಕೇಳುವುದೇ ಸಂಕೋಚ ಅನ್ನುವ ಸ್ವಭಾವದವರಿಗೆ ದೂರದ ಕೆಲಸ ನಿಜಕ್ಕೂ ಕಷ್ಟ. ನಮ್ಮ ಕಡೆ ದೊಡ್ಡವರನ್ನು ತೊಂದರೆ ಮಾಡಬಾರದು ಅಂತ ಬೆಳೆಸಿರುತ್ತಾರೆ. ಕೆಲಸದಲ್ಲಿ ಆ ಸಂಕೋಚ ಬಿಡಲೇಬೇಕು, ಬೇರೆ ದಾರಿ ಇಲ್ಲ.

ನಾನು ಮಾಡಿಕೊಂಡ ವ್ಯವಸ್ಥೆ ಹೀಗಿತ್ತು. ಹಿರಿಯರು ಬಗೆಹರಿಸಿದ ಯಾವುದಾದರೂ ದೊಡ್ಡ ಸಮಸ್ಯೆಯನ್ನು ಆಗಾಗ ಆರಿಸಿ, ಅದನ್ನು ಮೊದಲಿಂದ ತೋರಿಸಲು ಕೇಳುತ್ತಿದ್ದೆ. ಆರಿಸುವುದಕ್ಕೆ ಒಂದೇ ಅಳತೆ. ಪರಿಹಾರ ಚಿಕ್ಕದು, ಹುಡುಕಾಟ ದೊಡ್ಡದು ಇರಬೇಕು. ಒಂದೊಂದು ಕೆಲಸಕ್ಕೂ ತೆರೆಯುವ ನಮೂದಿಗೆ ನಮ್ಮಲ್ಲಿ ಟಿಕೆಟ್ ಅನ್ನುತ್ತಾರೆ. ಮೂರು ದಿನ ತೆರೆದೇ ಇದ್ದ ಟಿಕೆಟ್ ಕೊನೆಗೆ ಒಂದು ಸಾಲಿನಿಂದ ಮುಚ್ಚಿದ್ದರೆ ಕಲಿಯುವುದು ಆ ಮೂರು ದಿನದಲ್ಲಿದೆ ಅಂತ ಅರ್ಥ. ಜೊತೆಗೆ, ಸರ್ವರ್ ಕೆಟ್ಟಾಗ ನಡೆಯುವ ತುರ್ತು ಕರೆಗಳಿಗೆ ನನ್ನನ್ನೂ ಸೇರಿಸಿ ಅಂತ ಮ್ಯಾನೇಜರ್‌ಗೆ ಹೇಳಿಟ್ಟಿದ್ದೆ. ಮೈಕ್ ಬಂದ್ ಮಾಡಿ ಕೂರುತ್ತೇನೆ, ಅಡ್ಡ ಬರುವುದಿಲ್ಲ ಅಂತ. ಬರೀ ಕೂರುತ್ತಿರಲಿಲ್ಲ. ಯಾವ ಹೊತ್ತಿಗೆ ಯಾರು ಏನು ನೋಡಿದರು, ಏನು ಕಂಡಿತು ಅಂತ ತಂಡದ ಚಾಟ್ ಚಾನೆಲ್‌ನಲ್ಲಿ ಬರೆಯುತ್ತಾ ಹೋಗುತ್ತಿದ್ದೆ. ತುರ್ತಿನಲ್ಲಿ ಇರುವವರಿಗೆ ಬರೆದುಕೊಳ್ಳಲು ಪುರುಸೊತ್ತು ಇರುವುದಿಲ್ಲ. ಮರುದಿನ ವರದಿ ಬರೆಯಲು ನನ್ನ ಟಿಪ್ಪಣಿಯೇ ಬೇಕಾಗುತ್ತಿತ್ತು. ಹೀಗೆ ನನ್ನನ್ನು ಕರೆಯುವುದರಲ್ಲಿ ಅವರಿಗೂ ಲಾಭ ಇತ್ತು. ಸುಮ್ನೆ ನೋಡುವವರನ್ನು ಎರಡನೇ ಸಲ ಯಾರೂ ನೆನಪಿಸಿಕೊಂಡು ಕರೆಯುವುದಿಲ್ಲ.

ಪ್ರಶ್ನೆ ಕೇಳುವ ರೀತಿಯನ್ನೂ ಹೇಳಬೇಕು. "ಹಾಯ್, ಫ್ರೀ ಇದ್ದೀರಾ?" ಅಂತ ಒಬ್ಬರಿಗೇ ಬರೆದು ಕಾಯುವುದು ಎಲ್ಲಕ್ಕಿಂತ ನಿಧಾನದ ದಾರಿ. ಅವರು ಮೀಟಿಂಗ್‌ನಿಂದ ಹೊರಬಂದು "ಹೇಳಿ" ಅನ್ನುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ನಾನು ತಂಡದ ಚಾನೆಲ್‌ನಲ್ಲಿ, ಎಲ್ಲರಿಗೂ ಕಾಣುವಂತೆ, ಒಂದೇ ಸಂದೇಶದಲ್ಲಿ ಪೂರ್ತಿ ಬರೆಯುತ್ತಿದ್ದೆ. ಒಂದು ನಮೂನೆ ಇಲ್ಲಿದೆ:

"ರೀಫಂಡ್ ಟೆಸ್ಟ್ ಒಮ್ಮೆ ಪಾಸ್ ಆಗುತ್ತೆ, ಒಮ್ಮೆ ಫೇಲ್ ಆಗುತ್ತೆ. ಅದೊಂದನ್ನೇ ಓಡಿಸಿದರೆ ಯಾವಾಗಲೂ ಪಾಸ್. ಎಲ್ಲ ಟೆಸ್ಟ್ ಒಟ್ಟಿಗೆ ಓಡಿಸಿದಾಗ ಮಾತ್ರ ಫೇಲ್. ಬೇರೆ ಯಾವುದೋ ಟೆಸ್ಟ್ ಬಿಟ್ಟುಹೋದ ಡೇಟಾ ಅಡ್ಡ ಬರ್ತಿದೆ ಅಂತ ನನ್ನ ಊಹೆ. ಈಗ ಒಂದೊಂದೇ ಟೆಸ್ಟ್ ತೆಗೆದು ನೋಡ್ತಿದ್ದೀನಿ. ಇದಕ್ಕಿಂತ ಬೇಗ ಗೊತ್ತಾಗೋ ದಾರಿ ಇದೆಯಾ?"

ಏನಾಗುತ್ತಿದೆ, ಏನು ಮಾಡಿ ನೋಡಿದೆ, ನನ್ನ ಊಹೆ ಏನು, ನಿಮ್ಮಿಂದ ಏನು ಬೇಕು. ಓದಿದವರು ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಊಹೆ ಬರೆಯುವುದನ್ನು ಮಾತ್ರ ಬಿಡಬಾರದು. ಊಹೆ ತಪ್ಪಿದ್ದರೆ ಯಾಕೆ ತಪ್ಪು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜವಾದ ಪಾಠ ಬರುವುದು ಆ ಉತ್ತರದಲ್ಲಿ. ಎಲ್ಲರ ಮುಂದೆ ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಬಹಳ ಜನಕ್ಕಿದೆ. ನಾನು ಕಂಡದ್ದು ಬೇರೆ. ಈ ರೀತಿ ಬರೆದ ಪ್ರಶ್ನೆಯಿಂದಲೇ, ಇವಳು ಹೀಗೆ ಯೋಚನೆ ಮಾಡುತ್ತಾಳೆ ಅಂತ ದೂರದವರಿಗೆ ಗೊತ್ತಾಗುತ್ತದೆ. ಮನೇಲಿ ಕೂತವರಿಗೆ ಅದನ್ನು ತೋರಿಸಲು ಬೇರೆ ಜಾಗ ಕಡಿಮೆ.

ಮನೆ ಅಂದಮೇಲೆ ಮನೆಯ ಸಂಗತಿಯೂ ಇರುತ್ತದೆ. ಹಿರಿಯರು ಸ್ಕ್ರೀನ್ ತೋರಿಸುತ್ತಿರುವಾಗ ಕರೆಂಟ್ ಹೋಗಿ ಕರೆ ಕಡಿದರೆ, ಅವರು ಮತ್ತೆ ಅಷ್ಟೇ ಉತ್ಸಾಹದಿಂದ ಕೂರುತ್ತಾರೆ ಅಂತ ಹೇಳಲಾಗದು. ಬೇಸಿಗೆಯಲ್ಲಿ, ಮೊದಲ ಮಳೆ ಗಾಳಿಯಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಗೊತ್ತಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ನಿಲ್ಲುವುದು ವೈಫೈ ಪೆಟ್ಟಿಗೆ. ರೂಟರ್‌ಗೆ ಅಂತಲೇ ಸಿಗುವ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿಸಿದೆ, ಬೇರೆ ಕಂಪನಿಯ ಸಿಮ್ ಇರುವ ಫೋನ್ ಪಕ್ಕದಲ್ಲಿ ಇಟ್ಟುಕೊಂಡೆ. ಮಂದಿ ಬಂದಾಗ ಅವ್ವ "ಆಕಿ ಆಫೀಸ್‌ನ್ಯಾಗ ಅದಾಳ್ರಿ, ಸಂಜಿಕ್ ಬರ್ತಾಳ" ಅನ್ನುತ್ತಿದ್ದಳು. ನಾನು ಮೇಲಿನ ಕೋಣೆಯಲ್ಲೇ ಇರುತ್ತಿದ್ದೆ. ಆ ಮಾತು ನನಗೆ ಕೊಟ್ಟ ಏಕಾಂತ ದೊಡ್ಡದು.

ಮತ್ತೆ ಆ ಎರಡು ಸಾಲಿಗೆ ಬರುತ್ತೇನೆ, ಯಾಕೆಂದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ತೋರಿಸಿ ಮುಗಿಸಿದಾಗ ಕೇಳಿದೆ: "ಈಗಾಗಲೇ ಎರಡೆರಡು ಜಮಾ ಆಗಿರೋ ಹಳೇ ದಾಖಲೆ ಇವೆಯಲ್ಲ. ಅವು ಇರೋವಾಗ ಈ ಕಮಾಂಡ್ ಓಡುತ್ತಾ?" ಓಡುವುದಿಲ್ಲ. ಕೋಷ್ಟಕದಲ್ಲಿ ಮೊದಲೇ ಎರಡೆರಡು ಇದ್ದರೆ ಡೇಟಾಬೇಸ್ ಈ ನಿಯಮವನ್ನು ಒಪ್ಪುವುದೇ ಇಲ್ಲ. ಟೆಸ್ಟ್ ಡೇಟಾಬೇಸ್‌ನಲ್ಲಿ ಅಂಥ ದಾಖಲೆ ಇರಲಿಲ್ಲ, ಅದಕ್ಕೇ ಅಲ್ಲಿ ಓಡಿತ್ತು. ಅವರು ಹೇಳಿದರು: "ಹೌದು, ಅದೇ ಬಾಕಿ ಇರೋ ಕೆಲಸ. ಹಳೇದನ್ನ ಏನ್ ಮಾಡಬೇಕು ಅಂತ ಯಾರಿಗೂ ಇನ್ನೂ ಗೊತ್ತಿಲ್ಲ." ನಾನು ಮಾಡುತ್ತೇನೆ ಅಂದೆ.

"ಯಾರಿಗೂ ಇನ್ನೂ ಗೊತ್ತಿಲ್ಲ" ಅನ್ನುವ ಕೆಲಸವೇ ಬೆಳೆಸುವ ಕೆಲಸ. ದೂರದಲ್ಲಿರುವ ಹೊಸಬರಿಗೆ ಅದು ತಾನಾಗಿ ಬರುವುದಿಲ್ಲ. ಯಾರೂ ಬೇಕಂತ ಹಾಗೆ ಮಾಡುವುದಿಲ್ಲ. ಅಸ್ಪಷ್ಟವಾದ ಕೆಲಸಕ್ಕೆ ಹತ್ತು ಸಲ ಮಾತಾಡಬೇಕು, ಆದ್ದರಿಂದ ಮ್ಯಾನೇಜರ್ ಪಕ್ಕದಲ್ಲಿ ಕೂತವರಿಗೆ ಕೊಡುತ್ತಾರೆ. ಎಲ್ಲ ವಿವರ ಬರೆದು ಸಿದ್ಧವಾದ ಟಿಕೆಟ್ ಇದ್ದರೆ ಅದನ್ನು ದೂರದವರಿಗೆ ಕಳಿಸುತ್ತಾರೆ. ಹೀಗೆ ಒಂದು ವರ್ಷ ಕಳೆದರೆ ಒಬ್ಬರು ಸಮಸ್ಯೆ ಬಿಡಿಸುವುದನ್ನು ಕಲಿತಿರುತ್ತಾರೆ, ಇನ್ನೊಬ್ಬರು ಟಿಕೆಟ್ ಮುಚ್ಚುವುದನ್ನು. ನೀವು ಎಲ್ಲಿದ್ದೀರಿ ಅಂತ ತಿಳಿಯಲು ಕಳೆದ ಕೆಲವು ತಿಂಗಳ ಟಿಕೆಟ್ ತೆರೆದು ನೋಡಿ. ಎಲ್ಲವೂ ನಿಮ್ಮ ಕೈಗೆ ಬರುವಾಗಲೇ ಪೂರ್ತಿ ಬಿಡಿಸಿ ಬರೆದಂತೆ ಇದ್ದರೆ, ನಿಮ್ಮ ಕೋಡ್‌ಗೆ ಬರುವ ಕಾಮೆಂಟ್ ಎಲ್ಲ ಹೆಸರು, ಅಂತರ, ಫಾರ್ಮ್ಯಾಟ್ ಬಗ್ಗೆಯೇ ಇದ್ದು "ಹೀಗೆ ಯಾಕೆ ಮಾಡಿದೆ" ಅಂತ ಒಂದೂ ಇರದಿದ್ದರೆ, ನೀವು ನಿಂತಲ್ಲೇ ನಿಂತಿದ್ದೀರಿ. ಮ್ಯಾನೇಜರ್ ಹೊಗಳುತ್ತಿದ್ದರೂ ಅಷ್ಟೇ.

ನಾನು ಒಂದು ಪುಟದ ಟಿಪ್ಪಣಿ ಬರೆದೆ. ಎಷ್ಟು ಪೇಮೆಂಟ್‌ಗೆ ಎರಡು ಜಮಾ ಆಗಿದೆ, ಅದರಲ್ಲಿ ಎಷ್ಟು ಜನ ಆ ದುಡ್ಡು ಖರ್ಚು ಮಾಡಿದ್ದಾರೆ, ಎಷ್ಟು ಜನರ ವಾಲೆಟ್‌ನಲ್ಲಿ ಹಾಗೇ ಇದೆ. ಖರ್ಚಾಗದ್ದನ್ನು ವಾಪಸ್ ತೆಗೆಯಬಹುದು. ಖರ್ಚಾದದ್ದನ್ನು ತೆಗೆದರೆ ಗ್ರಾಹಕರ ಬಾಕಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಎರಡು ದಾರಿ ಬರೆದು, ನಾನು ಯಾವುದನ್ನು ಆರಿಸುತ್ತೇನೆ ಅಂತಲೂ ಬರೆದೆ. ಹೆಚ್ಚುವರಿ ದಾಖಲೆಯನ್ನು ಅಳಿಸಿ, ಆಮೇಲೆ ನಿಯಮ ಹಾಕುವುದು ನನ್ನ ಸಲಹೆ. ಹಿರಿಯರು ಓದಿ ಹೇಳಿದ್ದು ಒಂದೇ ಮಾತು: "ದುಡ್ಡಿನ ವಿಷಯ. ಅಕೌಂಟ್ಸ್‌ನವರ ಹತ್ರ ಮಾತಾಡು."

ಅಕೌಂಟ್ಸ್‌ನ ಮೇಡಂ ಜೊತೆ ಅದುವರೆಗೆ ನಾನು ಮಾತಾಡಿಯೇ ಇರಲಿಲ್ಲ. ಕರೆ ಮಾಡಿ ಟಿಪ್ಪಣಿ ತೋರಿಸಿದೆ. ಅವರು ಅಳಿಸುವುದು ಅನ್ನುವ ಮಾತಿಗೇ ತಡೆದರು. "ಜಮಾ ಖರ್ಚಿನ ಸಾಲು ಅಳಿಸೋ ಹಾಗಿಲ್ಲಮ್ಮ. ನಾಳೆ ಆಡಿಟ್‌ನವರು ಕೇಳಿದ್ರೆ ಏನು ತೋರಿಸೋದು? ಸಾಲು ಅಲ್ಲೇ ಇರಲಿ, ಅದು ತಪ್ಪು ಅಂತ ಗುರುತು ಹಾಕಿ, ವಾಪಸ್ ತೆಗೆದದ್ದಕ್ಕೆ ಬೇರೆ ಸಾಲು ಬರೀರಿ." ಖರ್ಚಾದ ದುಡ್ಡನ್ನು ಕಂಪನಿಯೇ ಭರಿಸುವುದು ಅಂತ ಅವರ ಕಡೆಯಿಂದ ತೀರ್ಮಾನವಾಯಿತು.

ಸಾಲು ಅಳಿಸುವಂತಿಲ್ಲ ಅಂದಮೇಲೆ ಮೊದಲಿನ ನಿಯಮ ನಡೆಯುವುದಿಲ್ಲ. ತಪ್ಪು ಸಾಲುಗಳಿಗೆ ಗುರುತು ಹಾಕಿ, ಗುರುತಿಲ್ಲದವುಗಳಿಗೆ ಮಾತ್ರ ನಿಯಮ ಅನ್ವಯಿಸಬೇಕು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರಲ್ಲಿ ಇದಕ್ಕೆ ದಾರಿ ಇದೆ:

```sql
CREATE UNIQUE INDEX uniq_payment
  ON wallet_credits (payment_id)
  WHERE NOT is_duplicate;
```

ಹಿರಿಯರ ಎರಡು ಸಾಲು ಹೀಗೆ ಮೂರು ಸಾಲಾಯಿತು. ಆ ಒಂದು ಹೆಚ್ಚಿನ ಸಾಲಿನಲ್ಲಿ ನಾನು ಅಲ್ಲಿಯವರೆಗೆ ಓದಿದ್ದಕ್ಕಿಂತ ಜಾಸ್ತಿ ಕಲಿತೆ. ದುಡ್ಡಿನ ದಾಖಲೆ ಹೇಗಿರಬೇಕು ಅನ್ನೋದು ಯಾವ ಕೋರ್ಸ್‌ನಲ್ಲೂ ನನಗೆ ಸಿಕ್ಕಿರಲಿಲ್ಲ. ಇಷ್ಟೂ ಮಾತು ನಡೆದದ್ದು ದೂರದಿಂದಲೇ. ಬೆಂಗಳೂರಿನಲ್ಲಿ ಇದ್ದಿದ್ದರೂ ಅಕೌಂಟ್ಸ್‌ನವರು ಬೇರೆ ಮಹಡಿಯಲ್ಲಿ ಕೂರುತ್ತಿದ್ದರು.

ಇನ್ನು ಎಲ್ಲರೂ ಕೇಳುವ ಎರಡನೇ ಪ್ರಶ್ನೆ, ಕಣ್ಣಿಗೆ ಬೀಳುವುದು. ಇದರ ಬಗ್ಗೆ ಹೊಸಬರಿಗೆ ಒಂದು ವಿಷಯ ಯಾರೂ ಹೇಳಿರುವುದಿಲ್ಲ. ವರ್ಷದ ಕೊನೆಗೆ ರೇಟಿಂಗ್ ಕೊಡುವುದು ನಿಮ್ಮ ಮ್ಯಾನೇಜರ್ ಒಬ್ಬರೇ ಅಲ್ಲ. ಬಹಳಷ್ಟು ಕಂಪನಿಗಳಲ್ಲಿ ಅವರು ಒಂದು ರೇಟಿಂಗ್ ಬರೆದುಕೊಂಡು ಬೇರೆ ಮ್ಯಾನೇಜರ್‌ಗಳ ಜೊತೆ ಕೂರುತ್ತಾರೆ. ಮೇಲಿನ ರೇಟಿಂಗ್ ಎಲ್ಲರಿಗೂ ಕೊಡುವಂತಿಲ್ಲ, ಹಾಗಾಗಿ ಒಂದೊಂದು ಹೆಸರಿಗೂ ಚರ್ಚೆ ಆಗುತ್ತದೆ. "ಇವರು ಯಾರು? ಏನು ಮಾಡಿದ್ದಾರೆ?" ಅಂತ ಇನ್ನೊಬ್ಬರು ಕೇಳುತ್ತಾರೆ. ಆಗ ಆ ಕೋಣೆಯಲ್ಲಿ ನಿಮ್ಮ ಮ್ಯಾನೇಜರ್ ಬಿಟ್ಟು ಬೇರೆ ಒಬ್ಬರಾದರೂ "ನನಗೆ ಗೊತ್ತು, ನಮ್ಮ ಇಂಥ ಕೆಲಸ ಮಾಡಿಕೊಟ್ಟರು" ಅಂದರೆ ಮಾತು ಮುಗಿಯಿತು. ಆಫೀಸಿನಲ್ಲಿ ಇರುವವರನ್ನು ಊಟದ ಹೊತ್ತಿಗಾದರೂ ನಾಲ್ಕು ಜನ ನೋಡಿರುತ್ತಾರೆ. ಮನೇಲಿ ಇರುವವರಿಗೆ ಆ ಎರಡನೇ ಸಾಕ್ಷಿ ಇರುವುದಿಲ್ಲ. ಸಿಟ್ರಿಪ್‌ನ ಬಡ್ತಿ ಲೆಕ್ಕ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕೋಣೆ.

ಅದಕ್ಕೇ ಪ್ರತಿ ರೇಟಿಂಗ್ ಅವಧಿಯಲ್ಲೂ ನಮ್ಮ ತಂಡದ ಆಚೆಯವರನ್ನು ಮುಟ್ಟುವ ಕೆಲಸ ಒಂದಾದರೂ ಇರಲಿ ಅಂತ ಮ್ಯಾನೇಜರ್‌ಗೆ ಕೇಳುತ್ತಿದ್ದೆ. ಡಬಲ್ ಜಮಾ ಕೆಲಸದಲ್ಲಿ ಅಕೌಂಟ್ಸ್ ಮತ್ತು ಸಪೋರ್ಟ್ ಎರಡೂ ಸೇರಿತ್ತು. ಮುಗಿದ ಮೇಲೆ ಮೂರೂ ತಂಡಕ್ಕೆ ಒಂದು ಚಿಕ್ಕ ಸಂದೇಶ ಕಳಿಸಿದೆ. ಏನಾಗಿತ್ತು, ಏನು ಬದಲಾಯಿತು, ಇನ್ನು ಇಂಥ ದೂರು ಬಂದರೆ ಯಾರಿಗೆ ಹೇಳಬೇಕು. ಕೆಳಗೆ ಸಹಾಯ ಮಾಡಿದವರ ಹೆಸರು. ಇದು ಜಂಬ ಕೊಚ್ಚಿಕೊಳ್ಳುವುದಲ್ಲ, ಸಪೋರ್ಟ್‌ನವರಿಗೆ ನಿಜಕ್ಕೂ ಬೇಕಾದ ಮಾಹಿತಿ.

ಜೊತೆಗೆ ಒಂದು ಕಡತ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಆ ವಾರದ್ದು ಎರಡು ಮೂರು ಸಾಲು. "ವಾಲೆಟ್ ಮೇಲೆ ಕೆಲಸ ಮಾಡಿದೆ" ಅಂತ ಬರೆದರೆ ಆರು ತಿಂಗಳ ಮೇಲೆ ನಿಮಗೇ ಅರ್ಥವಾಗುವುದಿಲ್ಲ. "ಡಬಲ್ ಜಮಾ ದೂರು ಬರುತ್ತಿತ್ತು, ಇಂಥ ದಿನದಿಂದ ನಿಂತಿದೆ, ಟಿಪ್ಪಣಿ ಇಲ್ಲಿದೆ" ಅಂತ ಲಿಂಕ್ ಸಮೇತ ಬರೆಯಬೇಕು. ರೇಟಿಂಗ್ ಫಾರ್ಮ್ ಬರುವ ಮುಂಚೆಯೇ ಇದನ್ನು ಮ್ಯಾನೇಜರ್‌ಗೆ ಕಳಿಸುತ್ತಿದ್ದೆ. ಅವರಿಗೆ ಆ ಕೋಣೆಯಲ್ಲಿ ಹೇಳಲು ಮಾತು ಬೇಕು, ಆ ಮಾತು ನನ್ನಿಂದಲೇ ಹೋಗಬೇಕು.

ಇಷ್ಟೆಲ್ಲ ಮಾಡಿದರೂ ದೂರದಿಂದ ಸಿಗದ ಒಂದು ವಿಷಯ ಉಳಿಯುತ್ತದೆ. ಹೊಸ ಕೆಲಸ ಶುರುವಾಗುವ ಮುಂಚೆ ಅದು ಹೇಗಿರಬೇಕು ಅಂತ ಬೋರ್ಡ್ ಮುಂದೆ ನಿಂತು ನಡೆಯುವ ಜಗಳ. ಅಲ್ಲಿ ಮೂರು ಜನ ಒಟ್ಟಿಗೆ ಮಾತಾಡುತ್ತಾರೆ, ಬರೆದು ಅಳಿಸುತ್ತಾರೆ, ಮೀಟಿಂಗ್ ಮುಗಿದ ಮೇಲೆ ಚಹಾ ಕುಡಿಯುತ್ತಾ ತೀರ್ಮಾನ ಬದಲಾಗುತ್ತದೆ. ವಿಡಿಯೋ ಕರೆಯಲ್ಲಿ ಇದು ನನಗೆ ಒಮ್ಮೆಯೂ ಪೂರ್ತಿ ಸಿಗಲಿಲ್ಲ. ಹಾಗಾಗಿ ಒಂದು ಮಳೆಗಾಲ ಪೂರ್ತಿ ಬೆಂಗಳೂರಿನಲ್ಲೇ ಇದ್ದೆ. ಆಮೇಲೆ ಆಗಾಗ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುತ್ತೇನೆ. ಯಾವಾಗ ಹೋಗಬೇಕು ಅನ್ನುವುದರಲ್ಲೇ ಎಲ್ಲ ಇದೆ. ಮುಂದಿನ ಮೂರು ತಿಂಗಳ ಕೆಲಸ ಯೋಜಿಸುವ ವಾರ, ಹೊಸ ಪ್ರಾಜೆಕ್ಟ್ ಶುರುವಾಗುವ ವಾರ, ಹೊಸ ಹಿರಿಯರು ಸೇರಿದ ವಾರ. ವಾರ್ಷಿಕ ಪಾರ್ಟಿಗೆ ಹೋದರೆ ಫೋಟೋ ಸಿಗುತ್ತದೆ, ಅಷ್ಟೇ. ಹೋಗುವ ಮುಂಚೆ ಯಾರು ಯಾರು ಆಫೀಸಿಗೆ ಬರುತ್ತಾರೆ ಅಂತ ಕೇಳಿಕೊಳ್ಳಬೇಕು. ರಾತ್ರಿ ಪೂರ್ತಿ ರೈಲಿನಲ್ಲಿ ಹೋಗಿ, ಖಾಲಿ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೋ ಕರೆಗೆ ಕೂತರೆ ಏನು ಬಂತು? ಅಲ್ಲಿರುವ ದಿನಗಳಲ್ಲಿ ನನ್ನ ಟಿಕೆಟ್ ಕಡಿಮೆ ಇಟ್ಟುಕೊಳ್ಳುತ್ತೇನೆ. ಕೋಡ್ ಬರೆಯಲು ನವನಗರವೇ ಚೆನ್ನ.

ಅದೇ ಬ್ಲೂಮ್ ಮತ್ತು ಜೊತೆಯವರು ಅದೇ ಕಂಪನಿಯಲ್ಲಿ ಇನ್ನೊಂದು ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಸಲ ವಾರದಲ್ಲಿ ಎರಡು ದಿನ ಮನೆ, ಮೂರು ದಿನ ಆಫೀಸು. ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಂಗಳೂರಿನಲ್ಲೇ ಮನೆ ಇರುವವರಿಗೆ ಇದು ಒಳ್ಳೆಯ ಸುದ್ದಿ. ಬಾಗಲಕೋಟೆಯಿಂದ ವಾರಕ್ಕೆ ಮೂರು ದಿನ ಹೋಗಿ ಬರುವುದು ಯಾರಿಂದಲೂ ಆಗದು. ನಾವು ಅದನ್ನು ತಿಂಗಳುಗಳ ಲೆಕ್ಕದಲ್ಲಿ ಹಂಚಿಕೊಳ್ಳಬೇಕು.

ಹಾಗಾಗಿ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು, ತಂಡದಲ್ಲಿ ಉಳಿದವರು ಎಲ್ಲಿ ಕೂರುತ್ತಾರೆ ಅಂತ. ಎಲ್ಲರೂ ಬೇರೆ ಬೇರೆ ಊರಿನಲ್ಲಿದ್ದರೆ ಮಾತೆಲ್ಲ ಬರವಣಿಗೆಯಲ್ಲೇ ನಡೆಯುತ್ತದೆ. ಮನೇಲಿ ಕೂತವರಿಗೆ ನಷ್ಟ ಕಡಿಮೆ, ಧೈರ್ಯವಾಗಿ ಸೇರಿ ಅನ್ನುತ್ತೇನೆ. ಹಿರಿಯರೆಲ್ಲ ಆಫೀಸಿನಲ್ಲಿದ್ದು ನೀವೊಬ್ಬರೇ ದೂರ ಇದ್ದು, ಅದೂ ಮೊದಲ ಕೆಲಸ ಆಗಿದ್ದರೆ, ಮೊದಲ ಕೆಲವು ತಿಂಗಳು ಅಲ್ಲಿ ಕೂರಲು ಅವಕಾಶ ಕೇಳಿ. ಅದಕ್ಕೂ ಒಪ್ಪದಿದ್ದರೆ, ಕೈಯಲ್ಲಿ ಬೇರೆ ಆಫರ್ ಇದ್ದರೆ, ಅದನ್ನೇ ಆರಿಸಿ. ಪಿಜಿ ಬಾಡಿಗೆ ಉಳಿಸಲು ಹೋಗಿ ಮೊದಲ ವರ್ಷದ ಕಲಿಕೆ ಕಳೆದುಕೊಂಡರೆ ಅದನ್ನು ಆಮೇಲೆ ತುಂಬುವುದು ಬಹಳ ಕಷ್ಟ. ಮನೆಯಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ, ಊರು ಬಿಡುವ ಹಾಗೇ ಇಲ್ಲ ಅನ್ನುವವರ ಮಾತು ಬೇರೆ. ಅವರಿಗೆ ನಾನು ಮೇಲೆ ಬರೆದದ್ದನ್ನೇ ಒಂದೊಂದಾಗಿ ಹೇಳಿಕೊಡುತ್ತೇನೆ.

ಇಂಟರ್‌ವ್ಯೂ ಕೊನೆಗೆ "ನಿಮಗೇನಾದರೂ ಕೇಳೋದಿದೆಯಾ?" ಅನ್ನುತ್ತಾರಲ್ಲ, ಆಗ ಇದನ್ನೂ ಕೇಳಿ: "ಕಳೆದ ವರ್ಷ ಈ ತಂಡಕ್ಕೆ ದೂರದಿಂದ ಸೇರಿದ ಹೊಸಬರು ಈಗ ಯಾವ ಕೆಲಸ ನೋಡಿಕೊಳ್ತಿದ್ದಾರೆ?" ಮ್ಯಾನೇಜರ್ ಒಬ್ಬರನ್ನು ನೆನಪಿಸಿಕೊಂಡು, ಅವರು ಶುರುವಿನಲ್ಲಿ ಏನು ಮಾಡುತ್ತಿದ್ದರು, ಈಗ ಯಾವುದನ್ನು ಪೂರ್ತಿ ಅವರ ಕೈಗೇ ಬಿಟ್ಟಿದ್ದೇವೆ ಅಂತ ಹೇಳಿದರೆ ಆ ತಂಡ ಸೇರಬಹುದು. "ನಮ್ಮಲ್ಲಿ ಎಲ್ಲರಿಗೂ ಸಮಾನ ಅವಕಾಶ ಇದೆ" ಅಂತಷ್ಟೇ ಉತ್ತರ ಬಂದರೆ, ಅಲ್ಲಿ ಈಗಾಗಲೇ ದೂರದಿಂದ ಕೆಲಸ ಮಾಡುತ್ತಿರುವ ಒಬ್ಬರ ಜೊತೆ ಮಾತಾಡಲು ಅವಕಾಶ ಕೇಳಿ. ಅದಕ್ಕೆ ಅವರು ಹೂಂ ಅನ್ನುವವರೆಗೂ ಆಫರ್‌ಗೆ ಸಹಿ ಹಾಕಬೇಡಿ.